ತಪ್ಪಿನ ವಹಿ: ಸಿಇಟಿಗೆ ನಾನು ಓದಿದ ರೀತಿ

ಪ್ರಶ್ನೆ: ಅಕ್ಕಾರ, ನಾನು ಬ್ಯಾಡಗಿ ಕಡೆಯವನು. ಹತ್ತನೇತ್ತಾತನಕ ಕನ್ನಡ ಮೀಡಿಯಂ. ಈಗ ಧಾರವಾಡದಾಗ ಸೆಕೆಂಡ್ ಪಿಯುಸಿ ಸೈನ್ಸ್, ಸಪ್ತಾಪುರದಾಗ ರೂಮು. ದಿನಾ ಹತ್ತು ತಾಸು ಓದತೇನ್ರಿ. ಓದುವಾಗ ಎಲ್ಲಾ ತಿಳಿದಂಗ ಆಗತೈತಿ. ಆದ್ರ ಸಿಇಟಿ ಮಾಕ್ ಟೆಸ್ಟ್‌ನಾಗ ಫಿಸಿಕ್ಸ್ 60ಕ್ಕ 31 ದಾಟವಲ್ದು. ನೀವು ರ‍್ಯಾಂಕ್ ಬಂದವರು. ಎಷ್ಟು ತಾಸು ಓದಿದ್ರಿ, ಯಾವ ಬುಕ್ ಓದಿದ್ರಿ, ಖರೇವಂದ್ರ ಏನು ಕೆಲಸಕ್ಕ ಬಂತು, ಹೇಳ್ರಿ.

ಉತ್ತರ:

ತಮ್ಮಾ,

ತಾಸಿನ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ಕಾಲೇಜು ಬಿಟ್ಟು ದಿನಕ್ಕೆ ಐದರಿಂದ ಆರು ತಾಸು. ರಾತ್ರಿ ಹತ್ತೂವರೆಗೆ ಮಲಗುತ್ತಿದ್ದೆ. ಪುಸ್ತಕ ಅಂದರೆ ಕಾಲೇಜಿನಲ್ಲಿ ಓದಿಸುವ ಎನ್‌ಸಿಇಆರ್‌ಟಿ ಪಠ್ಯ, ಹಳೇ ಸಿಇಟಿ ಪೇಪರುಗಳು, ವಿಷಯಕ್ಕೊಂದು ಎಂಸಿಕ್ಯೂ ಪುಸ್ತಕ. ಇಷ್ಟೇ. ನಿನ್ನ ಹತ್ತು ತಾಸಿನ ಮುಂದೆ ನನ್ನದು ಕಡಿಮೆ. ಹಾಗಾಗಿ ತಾಸು ಹೆಚ್ಚಿಸುವ ಮಾತೇ ಬೇಡ. ತೊಂದರೆ ಇರುವುದು ನೀನು ಬರೆದ ಇನ್ನೊಂದು ಸಾಲಿನಲ್ಲಿ. ಓದುವಾಗ ಎಲ್ಲಾ ತಿಳಿದಂಗ ಆಗತೈತಿ ಅಂದೆಯಲ್ಲ, ಅದರಲ್ಲಿ.

ನಾನೂ ಅದೇ ದಾರಿಯಲ್ಲಿ ಬಂದವಳು. ಗದಗ ತಾಲ್ಲೂಕಿನ ಹಳ್ಳಿ, ಕನ್ನಡ ಮೀಡಿಯಂ, ಆಮೇಲೆ ಧಾರವಾಡ. ಫಸ್ಟ್ ಪಿಯುಸಿಯಲ್ಲಿ ನನ್ನ ನೋಟ್ಸ್ ನೋಡಲು ಬೇರೆ ಸೆಕ್ಷನ್ನಿನ ಹುಡುಗಿಯರು ಬರುತ್ತಿದ್ದರು. ನಾಲ್ಕು ಬಣ್ಣದ ಪೆನ್ನು, ಸ್ಕೇಲ್ ಇಟ್ಟು ಎಳೆದ ಗೆರೆ, ಪ್ರತಿ ಸೂತ್ರಕ್ಕೂ ಚೌಕಟ್ಟು. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್‌ಗೆ 35ಕ್ಕೆ 14 ಬಂತು. ಫಿಸಿಕ್ಸ್ ಸರ್ ನನ್ನ ವಹಿ ತರಿಸಿಕೊಂಡು ತಿರುವಿ ನೋಡಿದರು. "ಭಾಳ ಚಂದ ಬರದೀಯವ್ವಾ" ಅಂದರು. ಆಮೇಲೆ ವಹಿ ಮುಚ್ಚಿ, ವಾಪಸ್ ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ಚಂಡು ಓರೆಯಾಗಿ ಮ್ಯಾಲೆ ಒಗದ್ರ, ಗರಿಷ್ಠ ಎತ್ತರದಾಗ ಅದರ ವೇಗ ಎಷ್ಟು?"

"ಸೊನ್ನೆ ಸರ್" ಅಂದೆ.

ಅವರು ಏನೂ ಹೇಳಲಿಲ್ಲ. ವಹಿ ತೆರೆದು ಆ ಪುಟ ತೋರಿಸಿದರು. ನನ್ನದೇ ಅಕ್ಷರದಲ್ಲಿ, ಹಸಿರು ಇಂಕಿನಲ್ಲಿ, ಚೌಕಟ್ಟಿನೊಳಗೆ `u cos θ` ಅಂತ ಇತ್ತು. ಮೇಲಕ್ಕೆ ಹೋಗುವ ವೇಗ ಮಾತ್ರ ಸೊನ್ನೆಯಾಗುತ್ತದೆ, ಅಡ್ಡ ಹೋಗುವ ವೇಗ ಹಾಗೇ ಉಳಿಯುತ್ತದೆ. ಅದನ್ನು ನಾನು ಕನಿಷ್ಠ ಆರು ಸಲ ಓದಿದ್ದೆ. ಒಂದು ಸಲವೂ ತಲೆಯಿಂದ ಹೊರಗೆ ತೆಗೆದಿರಲಿಲ್ಲ.

ಜುಬಿಲಿ ಸರ್ಕಲ್ಲಿನಲ್ಲಿ ದಿನಾ ಒಬ್ಬರನ್ನು ನೋಡುತ್ತೀಯ ಅಂತಿಟ್ಟುಕೋ. ಮುಖ ಗುರುತಾಗುತ್ತದೆ, ಹೆಸರು ಕೇಳಿದರೆ ಗೊತ್ತಿಲ್ಲ. ಮತ್ತೆ ಮತ್ತೆ ಓದಿದಾಗ ಪುಟಕ್ಕೂ ನಮಗೂ ಆಗುವುದು ಇಂಥದೇ ಪರಿಚಯ. ಇದನ್ನು ಅಳೆದು ನೋಡಿದವರಿದ್ದಾರೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಒಂದು ಸಣ್ಣ ಪಾಠ ಓದಲು ಕೊಟ್ಟರು. ಆಮೇಲೆ ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಉಳಿದವರು ಪಾಠ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದು: ಅವರಿಗೆ 81%, ಬರೆದವರಿಗೆ 75%. ವಾರ ಬಿಟ್ಟು ಕೇಳಿದಾಗ ಉಲ್ಟಾ ಆಯಿತು. ಓದಿದವರಿಗೆ 42%, ಬರೆದವರಿಗೆ 56%. ರಾತ್ರಿ ರೂಮಿನಲ್ಲಿ ಎಲ್ಲ ಬರುತ್ತದೆ, ರವಿವಾರದ ಟೆಸ್ಟಿನಲ್ಲಿ ಬರುವುದಿಲ್ಲ ಅನ್ನುವುದು ಯಾಕೆ ಅಂತ ಗೊತ್ತಾಯಿತಲ್ವಾ?

ಹಾಗಾಗಿ ನಾನು ಬದಲಿಸಿದ ಮೊದಲ ಅಭ್ಯಾಸ ಖಾಲಿ ಹಾಳೆ. ಮೂರು ನಾಲ್ಕು ಪುಟ, ಅಂದರೆ ಪಾಠದ ಒಂದು ಭಾಗ, ಇಪ್ಪತ್ತೈದು ನಿಮಿಷ ನಿಧಾನವಾಗಿ ಓದುತ್ತಿದ್ದೆ. ಕೈಯಲ್ಲಿ ಪೆನ್ನಿಲ್ಲ, ಹೈಲೈಟರ್ ಇಲ್ಲ. ಆಮೇಲೆ ಪುಸ್ತಕ ಮುಚ್ಚಿ ಮಂಚದ ಮೇಲೆ ಇಡುತ್ತಿದ್ದೆ. ಟೇಬಲ್ ಮೇಲೆ ಇದ್ದರೆ ಕೈ ಅದರ ಕಡೆಗೇ ಹೋಗುತ್ತದೆ. ಒಂದೇ ಮಗ್ಗುಲು ಬಳಸಿದ ಝೆರಾಕ್ಸ್ ಹಾಳೆ ತೆಗೆದುಕೊಂಡು ಹತ್ತು ನಿಮಿಷ ನೆನಪಿದ್ದದ್ದೆಲ್ಲ ಬರೆಯುವುದು: ಚಿತ್ರ, ಸೂತ್ರ, ಆ ಸೂತ್ರ ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ. ನೆನಪಾಗದಿದ್ದರೆ ಇನ್ನೆರಡು ನಿಮಿಷ ಸುಮ್ನೆ ಕೂರಬೇಕು. ಆ ಎರಡು ನಿಮಿಷ ಬಹಳ ಕಸಿವಿಸಿ ಆಗುತ್ತದೆ, ಆದರೆ ಕೆಲಸ ನಡೆಯುವುದೇ ಆಗ. ಕೊನೆಗೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುವುದು. ಮರುದಿನ ಬೆಳಗ್ಗೆ ಓದುವುದು ಆ ಕೆಂಪನ್ನು ಮಾತ್ರ.

ಮೊದಲ ಎರಡು ವಾರ ಹಾಳೆ ತುಂಬ ಕೆಂಪೇ ಇರುತ್ತದೆ. ಒಂದು ತಾಸಿಗೆ ನಾಲ್ಕೈದು ಪುಟ ಅಷ್ಟೇ ಸಾಗುತ್ತದೆ. ಪಕ್ಕದ ರೂಮಿನವ ಒಂದು ಚಾಪ್ಟರ್ ಮುಗಿಸಿ ಚಾ ಕುಡಿಯಲು ಹೋಗಿರುತ್ತಾನೆ, ಹೋಗಲಿ ಬಿಡು. ನೀನು ಗಮನಿಸಬೇಕಾದದ್ದು ಬೇರೆ. ಕೆಂಪು ಬರುವುದೇ ಇಲ್ಲ ಅಂದರೆ ನೀನು ನಡುವೆ ಇಣುಕುತ್ತಿದ್ದೀಯ. ಒಂದೇ ಜಾಗದಲ್ಲಿ ಮೂರನೇ ಸಲವೂ ಕೆಂಪು ಬಂತು ಅಂದರೆ ಅದು ಮರೆವಲ್ಲ, ಅರ್ಥವೇ ಆಗಿಲ್ಲ. ನನಗೆ ಗಾಸ್ ನಿಯಮದಲ್ಲಿ ಹೀಗಾಗಿತ್ತು. ಸೂತ್ರ ಸರಿ ಬರೆಯುತ್ತಿದ್ದೆ. ಮೇಲ್ಮೈ ಹೊರಗಿರುವ ಚಾರ್ಜನ್ನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವ ಕಡೆ ಮೂರು ಸಲವೂ ಖಾಲಿ. ಸರ್ ಹತ್ತಿರ ಹೋದೆ. ಹೊರಗಿನ ಚಾರ್ಜಿನ ಗೆರೆ ಒಂದು ಕಡೆ ಒಳಗೆ ಹೊಕ್ಕರೆ ಇನ್ನೊಂದು ಕಡೆ ಹೊರಗೆ ಬಂದೇ ಬರುತ್ತದೆ, ಎರಡೂ ವಜಾ ಆಗುತ್ತವೆ ಅಂದರು. ಐದು ನಿಮಿಷದ ಮಾತು. ಅದನ್ನು ನೂರು ಸಲ ಬಾಯಿಪಾಠ ಮಾಡಿದ್ದರೂ ಬರುತ್ತಿರಲಿಲ್ಲ.

ಖಾಲಿ ಹಾಳೆಯಿಂದ ನಾನು ಸಾಧಾರಣದಿಂದ ಪರವಾಗಿಲ್ಲ ಅನ್ನುವಲ್ಲಿಗೆ ಬಂದೆ. ಅಲ್ಲಿಂದ ರ‍್ಯಾಂಕಿನ ತನಕ ಕರೆದುಕೊಂಡು ಹೋದದ್ದು ಇನ್ನೊಂದು. ಅದಕ್ಕೆ ನಾನು ಇಟ್ಟ ಹೆಸರು ತಪ್ಪಿನ ವಹಿ.

ಇನ್ನೂರು ಪುಟದ ಉದ್ದ ವಹಿ, ವಿಷಯಕ್ಕೊಂದು. ಟೆಸ್ಟಿನಲ್ಲಿ, ಎಂಸಿಕ್ಯೂ ಪುಸ್ತಕದಲ್ಲಿ, ಎಲ್ಲೇ ಒಂದು ಪ್ರಶ್ನೆ ತಪ್ಪಿದರೂ ಇದರೊಳಗೆ ಬರಬೇಕು. ಎಡ ಪುಟದಲ್ಲಿ ಪ್ರಶ್ನೆ ಚಿಕ್ಕದಾಗಿ, ನಾನು ಕೊಟ್ಟ ತಪ್ಪು ಉತ್ತರ, ಅದು ನನಗೆ ಯಾಕೆ ಸರಿ ಅನಿಸಿತು ಅನ್ನುವುದು. ಬಲ ಪುಟದಲ್ಲಿ ಒಂದೇ ಸಾಲು: ಮುಂದಿನ ಸಲ ಇಂಥದು ಬಂದರೆ ನನಗೆ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆ. ಪೂರ್ತಿ ಲೆಕ್ಕ ಬಿಡಿಸಿ ಬರೆಯಬಾರದು. ಬರೆದರೆ ಅದು ಇನ್ನೊಂದು ಚಂದದ ನೋಟ್ಸ್ ಆಗುತ್ತದೆ. ನನ್ನ ಕೆಮಿಸ್ಟ್ರಿ ವಹಿ ಹಾಗೇ ಆಗಿ ಎರಡು ತಿಂಗಳು ಹಾಳಾಯಿತು.

ಒಂದು ತಪ್ಪನ್ನು ಪೂರ್ತಿ ತೋರಿಸುತ್ತೇನೆ. ಪ್ರಶ್ನೆ ಹೀಗಿತ್ತು. 4 μF ಕೆಪಾಸಿಟರನ್ನು 100 V ಬ್ಯಾಟರಿಗೆ ಜೋಡಿಸಿ ಚಾರ್ಜ್ ಮಾಡಿದ್ದಾರೆ. ಆಮೇಲೆ ಬ್ಯಾಟರಿ ತೆಗೆದು, ಪ್ಲೇಟುಗಳ ನಡುವೆ K = 5 ಇರುವ ಡೈಎಲೆಕ್ಟ್ರಿಕ್ ತುಂಬಿದ್ದಾರೆ. ಈಗ ಅದರಲ್ಲಿರುವ ಶಕ್ತಿ ಎಷ್ಟು?

ನಾನು ನೋಡಿದ ಕೂಡಲೇ `U = ½CV²` ಹಿಡಿದೆ. ಕೆಪಾಸಿಟನ್ಸ್ ಐದು ಪಟ್ಟಾಗಿ 20 μF ಆಯಿತು, V ಅಂತೂ 100 ಕೊಟ್ಟಿದ್ದಾರೆ, ಉತ್ತರ 0.1 J. ಆಯ್ಕೆಗಳಲ್ಲಿ 0.1 ಇತ್ತು. ಖುಷಿಯಿಂದ ಗುರುತು ಹಾಕಿದೆ. ಪೇಪರ್ ತೆಗೆಯುವವರಿಗೆ ನಾವು ಎಲ್ಲಿ ಎಡವುತ್ತೇವೆ ಅಂತ ಗೊತ್ತಿರುತ್ತದೆ. ನಮ್ಮ ತಪ್ಪು ಉತ್ತರವನ್ನೂ ಅವರು ಅಲ್ಲೇ ಇಟ್ಟಿರುತ್ತಾರೆ. ಸರಿ ಲೆಕ್ಕ ಇದು:

```
Q  = 4 μF × 100 V = 400 μC
C' = 5 × 4 μF = 20 μF
V' = 400 μC / 20 μF = 20 V
U' = ½ × 20 μF × (20 V)² = 0.004 J
```

ನನ್ನ ಉತ್ತರಕ್ಕೂ ಸರಿ ಉತ್ತರಕ್ಕೂ 25 ಪಟ್ಟು ವ್ಯತ್ಯಾಸ. ಆ ದಿನ ನಾನು ವಹಿಯಲ್ಲಿ ಬರೆದದ್ದು "ಸಿಲ್ಲಿ ಮಿಸ್ಟೇಕ್, ಗಮನ ಇಟ್ಟು ಓದಬೇಕು" ಅಂತ. ಇಂಥ ಸಾಲು ಬರೆದರೂ ಒಂದೇ, ಬಿಟ್ಟರೂ ಒಂದೇ. ಎಂಟು ದಿನ ಬಿಟ್ಟು ಇನ್ನೊಂದು ಪ್ರಶ್ನೆ ಬಂತು. ಚಾರ್ಜ್ ಮಾಡಿ ಬ್ಯಾಟರಿ ತೆಗೆದ ಕೆಪಾಸಿಟರಿನ ಪ್ಲೇಟುಗಳನ್ನು ಎರಡು ಪಟ್ಟು ದೂರ ಸರಿಸಿದರೆ ಶಕ್ತಿ ಏನಾಗುತ್ತದೆ? ನಾನು ಅರ್ಧ ಅಂದೆ. ಸರಿ ಉತ್ತರ ಎರಡು ಪಟ್ಟು. ನೋಡಲು ಬೇರೆ ಪ್ರಶ್ನೆ, ತಪ್ಪು ಮಾತ್ರ ಅದೇ. ಬ್ಯಾಟರಿ ತೆಗೆದ ಮೇಲೂ V ಹಾಗೇ ಇರುತ್ತದೆ ಅಂತ ನನ್ನ ತಲೆ ಹಿಡಿದು ಕೂತಿತ್ತು.

ಆಗ ಬಲ ಪುಟ ಹೊಡೆದು ಹಾಕಿ ಹೊಸದಾಗಿ ಬರೆದೆ: "ಇಲ್ಲಿ ಬದಲಾಗದೆ ಉಳಿದದ್ದು ಯಾವುದು? ಬ್ಯಾಟರಿ ಇದ್ದರೆ V. ತೆಗೆದಿದ್ದರೆ Q. ಅದು ಇರುವ ಸೂತ್ರ ಹಿಡಿ." ಬ್ಯಾಟರಿ ತೆಗೆದಿದ್ದಾರೆ ಅಂದರೆ `U = Q²/2C` ಹಿಡಿಯಬೇಕು. C ಐದು ಪಟ್ಟಾದರೆ U ಐದರಲ್ಲಿ ಒಂದು ಪಾಲು, 0.02 ಇದ್ದದ್ದು 0.004. ಹತ್ತು ಸೆಕೆಂಡಿನ ಕೆಲಸ.

ಯಾಕೆ ಹಾಗೆ ಅನ್ನುವುದು ನನಗೆ ಹೊಳೆದದ್ದು ಅಡುಗೆಮನೆಯಲ್ಲಿ. ದೀಪಾವಳಿಗೆ ಊರಿಗೆ ಹೋಗಿದ್ದೆ. ಅವ್ವ ರೊಟ್ಟಿ ಹಿಟ್ಟು ನಾದಲು ತಂಬಿಗೆಯ ನೀರನ್ನು ಪರಾತಕ್ಕೆ ಸುರಿದಳು. ತಂಬಿಗೆಯಲ್ಲಿ ಗೇಣುದ್ದ ಇದ್ದ ನೀರು ಪರಾತದಲ್ಲಿ ಬೆರಳ ಉಗುರು ಮುಳುಗುವಷ್ಟೂ ಇಲ್ಲ. ನೀರು ಅಷ್ಟೇ, ತಳ ಅಗಲವಾಯಿತು, ಮಟ್ಟ ಇಳಿಯಿತು. ನೀರು ಚಾರ್ಜ್, ತಳದ ಅಗಲ C, ಮಟ್ಟ V. ಬ್ಯಾಟರಿ ಜೋಡಿಸೇ ಇದ್ದರೆ ಹೇಗೆ? ಪರಾತಕ್ಕೆ ದೊಡ್ಡ ಟಾಕಿಯಿಂದ ಪೈಪ್ ಹಾಕಿದಂತೆ. ತಳ ಎಷ್ಟೇ ಅಗಲವಾದರೂ ಮಟ್ಟ ಟಾಕಿಯ ಸಮಕ್ಕೆ ಬಂದು ನಿಲ್ಲುತ್ತದೆ, ಒಳಗೆ ಹೆಚ್ಚು ನೀರು ಬರುತ್ತದೆ. ವಹಿಯಲ್ಲಿ ಪರಾತದ ಚಿತ್ರ ಈಗಲೂ ಇದೆ.

ಆ ಒಂದು ಸಾಲು ಮುಂದೆ ಕೆಪಾಸಿಟರಿನಲ್ಲೇ ನಿಲ್ಲಲಿಲ್ಲ. 40 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಸೀರೀಸ್‌ನಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ? ಸೀರೀಸ್‌ನಲ್ಲಿ ಎರಡಕ್ಕೂ ಒಂದೇ ಇರುವುದು ಕರೆಂಟ್. ಹಾಗಾದರೆ `P = I²R` ಹಿಡಿಯಬೇಕು. ರೆಸಿಸ್ಟೆನ್ಸ್ ಹೆಚ್ಚಿರುವುದು 40 ವ್ಯಾಟಿನದು, ಬೆಳಗುವುದೂ ಅದೇ. ಕರೆಂಟ್ ಎಲೆಕ್ಟ್ರಿಸಿಟಿಯಲ್ಲಿ ತಪ್ಪಿದ ಏಳೆಂಟು ಪ್ರಶ್ನೆಗಳ ಎದುರಿಗೆ ನಾನು ಹೊಸ ಸಾಲು ಬರೆಯಲೇ ಇಲ್ಲ. ಕೆಪಾಸಿಟರಿನ ಪುಟ ಸಂಖ್ಯೆ ಬರೆದೆ, ಅಷ್ಟೇ. ಹೀಗೆ ಬೇರೆ ಬೇರೆ ಪಾಠದ ತಪ್ಪುಗಳು ಒಂದೇ ಪುಟದ ಕಡೆ ಬೆರಳು ತೋರಿಸಲು ಶುರು ಮಾಡಿದರೆ ವಹಿ ಸರಿದಾರಿಯಲ್ಲಿದೆ ಅಂತ.

ಇನ್ನು ನಿನ್ನ 31ರ ಕಡೆ ಬರೋಣ. ಅಂಕ ಹಾಗೆ ಒಂದೇ ಸಂಖ್ಯೆಯಾಗಿ ಇದ್ದರೆ ಏನೂ ಹೇಳುವುದಿಲ್ಲ. ನಿಮ್ಮ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಡಬ್ಬಿ ಮೆಣಸಿನಕಾಯಿ ಬೇರೆ, ಕಡ್ಡಿ ಮೆಣಸಿನಕಾಯಿ ಬೇರೆ ರಾಶಿ. ಎರಡನ್ನೂ ಕಲಸಿಟ್ಟರೆ ಯಾರೂ ಸರಿಯಾದ ರೇಟು ಕಟ್ಟುವುದಿಲ್ಲ. ಟೆಸ್ಟಿನ ಪೇಪರನ್ನೂ ಹಾಗೇ ರಾಶಿ ಮಾಡಬೇಕು. ನಾನು ರವಿವಾರ ಹುಬ್ಬಳ್ಳಿಗೆ ಟೆಸ್ಟಿಗೆ ಹೋಗುತ್ತಿದ್ದೆ. ವಿದ್ಯಾನಗರದಲ್ಲಿ ಚಿಗರಿ ಬಸ್ ಹತ್ತಿ, ಧಾರವಾಡ ಮುಟ್ಟುವುದರೊಳಗೆ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಈ ಕೆಲಸ ಮುಗಿಸುತ್ತಿದ್ದೆ. ನಾಳೆ ಮಾಡೋಣ ಅಂದರೆ ಆಗ ಏನು ಯೋಚಿಸಿದ್ದೆ ಅನ್ನುವುದೇ ಮರೆತಿರುತ್ತದೆ.

ಡಿಸೆಂಬರಿನ ಒಂದು ಫಿಸಿಕ್ಸ್ ಪೇಪರ್ ಹೀಗಿತ್ತು. 60ಕ್ಕೆ 38 ಸರಿ, 22 ತಪ್ಪು. ತಪ್ಪಿನಲ್ಲಿ ಪಾಠವೇ ಗೊತ್ತಿಲ್ಲದ್ದು 5. ಪಾಠ ಗೊತ್ತಿದ್ದು ತಪ್ಪು ದಾರಿ ಹಿಡಿದದ್ದು 11. ಓದುವಾಗ, ಕೂಡಿಸಿ ಕಳೆಯುವಾಗ, ಗುರುತು ಹಾಕುವಾಗ ಜಾರಿದ್ದು 6. ಇಲ್ಲಿಗೆ ಮೂರು ರಾಶಿ. ನಾಲ್ಕನೆಯದನ್ನು ಯಾರೂ ಹಾಕುವುದಿಲ್ಲ: ಸರಿ ಬಂದ 38ರಲ್ಲಿ ಅಂದಾಜಿನ ಮೇಲೆ ಹೊಡೆದದ್ದು 7. ಟೆಸ್ಟ್ ಬರೆಯುವಾಗಲೇ, ಖಾತ್ರಿ ಇಲ್ಲದ ಪ್ರಶ್ನೆಯ ಪಕ್ಕ ಒಂದು ಚುಕ್ಕಿ ಇಡುತ್ತಿದ್ದೆ. ಚುಕ್ಕಿ ಇದ್ದದ್ದು ಸರಿಯಾಗಿದ್ದರೂ ಅದು ತಪ್ಪಿನ ವಹಿಗೇ ಹೋಗಬೇಕು. ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ ಇಲ್ಲ, ಹಾಗಾಗಿ ಪರೀಕ್ಷೆಯ ದಿನ ಒಂದನ್ನೂ ಖಾಲಿ ಬಿಡಬಾರದು. ಆದರೆ ಮನೆಯಲ್ಲಿ ಅದೃಷ್ಟವನ್ನು ನಿನ್ನ ಖಾತೆಗೆ ಜಮಾ ಮಾಡಬೇಡ. ನನ್ನ ಖರೇ ಅಂಕ ಅವತ್ತು 31. ಈಗ ನಿನಗೆ ಬರುತ್ತಿರುವಷ್ಟೇ.

ಈ ರಾಶಿ ನೋಡಿದ ಮೇಲೆ ನಾನು ಹೊಸ ಚಾಪ್ಟರ್ ಓದುವುದನ್ನು ಎರಡು ವಾರ ನಿಲ್ಲಿಸಿದೆ. ಗೊತ್ತಿಲ್ಲದ್ದು ಬರೀ 5, ಗೊತ್ತಿದ್ದೂ ಕಳೆದುಕೊಂಡದ್ದು 17. ಮೊದಲಿನಿಂದ ಓದುತ್ತಾ ಹೋದರೆ ನಾನು ಗಟ್ಟಿ ಮಾಡುವುದು ಆಗಲೇ ಗಟ್ಟಿ ಇರುವುದನ್ನೇ. ನಿನ್ನ ರಾಶಿ ಬೇರೆ ಇರಬಹುದು. ಮೊದಲನೇ ರಾಶಿಯೇ ದೊಡ್ಡದಾಗಿದ್ದರೆ ತಪ್ಪಿನ ವಹಿ ಸದ್ಯ ಬದಿಗಿಟ್ಟು ಪಾಠಕ್ಕೆ ಕೂರು. ಅದರಲ್ಲೂ ಫಸ್ಟ್ ಪಿಯುಸಿ ಪಾಠಗಳಲ್ಲಿ ಎಷ್ಟು ಹೋಗಿದೆ ನೋಡು. ಸಿಇಟಿಗೆ ಎರಡೂ ವರ್ಷದ ಪಾಠ ಇರುತ್ತದೆ. ನಮ್ಮ ಕಡೆಯ ಹುಡುಗರು ಫಸ್ಟ್ ಇಯರ್ ಪುಸ್ತಕವನ್ನು ಊರಲ್ಲಿ ಅಟ್ಟದ ಮೇಲೆ ಇಟ್ಟು ಬರುತ್ತಾರೆ.

ವಹಿಯಲ್ಲಿ ಬರೆದದ್ದನ್ನು ಮತ್ತೆ ನೋಡುವುದು ಹೇಗೆ? ಬರೆದ ದಿನಾಂಕ ಮೂಲೆಯಲ್ಲಿ ಇರಬೇಕು. ಬರೆದ ಮೂರನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ, ತಿಂಗಳು ತುಂಬಿದಾಗ ಒಮ್ಮೆ. ನೋಡುವುದು ಅಂದರೆ ಬಲ ಪುಟದ ಮೇಲೆ ಹಾಳೆ ಮುಚ್ಚಿ, ಎಡ ಪುಟದ ಪ್ರಶ್ನೆಯನ್ನು ಹೊಸದಾಗಿ ಬಿಡಿಸುವುದು. ಮೂರೂ ಸಲ ಸರಿ ಬಂದರೆ ಅಡ್ಡ ಗೆರೆ ಹೊಡೆದು ಬಿಡು. ಒಂದು ಸಲ ತಪ್ಪಿದರೂ ಮೊದಲಿನಿಂದ ಎಣಿಕೆ. ಫಿಸಿಕ್ಸ್ ವಹಿಯಲ್ಲಿ ನನಗೆ ಕೊನೆಗೆ ಮುನ್ನೂರು ಚಿಲ್ಲರೆ ತಪ್ಪು ಸೇರಿದ್ದವು. ಪರೀಕ್ಷೆಯ ಹಿಂದಿನ ವಾರ ಗೆರೆ ಬೀಳದೆ ಉಳಿದದ್ದು ಐವತ್ತರ ಆಸುಪಾಸು. ಕೊನೆಯ ವಾರ ನಾನು ಓದಿದ್ದು ಅವನ್ನಷ್ಟೇ. ರೂಮಿನಲ್ಲಿ ಬೇರೆಯವರು ಮೂರು ಮೂರು ಪುಸ್ತಕ ಎದೆಗವಚಿಕೊಂಡು ಓಡಾಡುತ್ತಿದ್ದರು.

ಮೂರನೇ ರಾಶಿ, ಜಾರಿದ್ದು, ಅದಕ್ಕೆ ಔಷಧ ಬೇರೆ. 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಎಲ್ಲಕ್ಕೂ ಅಷ್ಟೇ ಕೊಟ್ಟರೆ ಮುಗಿಯುವುದಿಲ್ಲ, ಯಾಕೆಂದರೆ ಓಎಂಆರ್ ಉತ್ತರ ಹಾಳೆಯಲ್ಲಿ ಗೋಲ ತುಂಬುವುದಕ್ಕೂ ಸಮಯ ಬೇಕು. ನಾನು ಮೊದಲ ಸುತ್ತಿನಲ್ಲಿ ದಾರಿ ಕಾಣುವ ಪ್ರಶ್ನೆಗಳನ್ನಷ್ಟೇ ಮಾಡುತ್ತಿದ್ದೆ. ಓದಿ ಇಪ್ಪತ್ತು ಸೆಕೆಂಡಿನಲ್ಲಿ ದಾರಿ ಕಾಣಲಿಲ್ಲ ಅಂದರೆ ಪ್ರಶ್ನೆ ಸಂಖ್ಯೆಗೆ ಸುತ್ತು ಹಾಕಿ ಮುಂದೆ. ಐವತ್ತು ನಿಮಿಷಕ್ಕೆ ಈ ಸುತ್ತು ಮುಗಿಯಬೇಕು. ಎರಡನೇ ಸುತ್ತು ಬಿಟ್ಟವಕ್ಕೆ. ಕೊನೆಯ ಐದು ನಿಮಿಷದಲ್ಲಿ ಹೊಸ ಲೆಕ್ಕ ಹಿಡಿಯುವುದಿಲ್ಲ, ಖಾಲಿ ಉಳಿದವಕ್ಕೆ ಅಂದಾಜು. ಗೋಲವನ್ನು ಪುಟಕ್ಕೊಮ್ಮೆ ತುಂಬುವುದು, ಹತ್ತಕ್ಕೊಮ್ಮೆ ಪ್ರಶ್ನೆ ಸಂಖ್ಯೆ ತಾಳೆ ನೋಡುವುದು. ಬಾಲ್‌ಪೆನ್ನಿನ ಗುರುತು ಅಳಿಸಲು ಬರುವುದಿಲ್ಲ. ಒಂದು ಟೆಸ್ಟಿನಲ್ಲಿ 23ನೇ ಪ್ರಶ್ನೆ ಬಿಟ್ಟು ಮುಂದೆ ಹೋಗಿ, 24ರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿ, ಹಾಗೇ ಒಂಬತ್ತು ಪ್ರಶ್ನೆ ಸಾಗಿದ್ದೆ. ಆಮೇಲೆ ಓಎಂಆರ್ ಹಾಳೆಯ ಝೆರಾಕ್ಸ್ ಇಲ್ಲದೆ ಮನೆಯಲ್ಲೂ ಟೆಸ್ಟ್ ಬರೆಯಲಿಲ್ಲ.

ಜಾರಿದ್ದರಲ್ಲಿ ನಮ್ಮಂಥವರಿಗೆ ಇನ್ನೊಂದು ಒಳರಾಶಿ ಇದೆ. ಅದು ಫಿಸಿಕ್ಸ್ ತಪ್ಪಲ್ಲ, ಇಂಗ್ಲಿಷ್ ತಪ್ಪು. ವೇಗೋತ್ಕರ್ಷ, ಸಂವೇಗ ಅಂತ ಓದಿ ಬಂದವರಿಗೆ ಆಕ್ಸಿಲರೇಶನ್, ಮೊಮೆಂಟಮ್ ಕಲಿಯುವುದು ಕಷ್ಟವಲ್ಲ. ತಿಂಗಳಲ್ಲಿ ಬರುತ್ತವೆ. ಕಾಡುವುದು ಸಣ್ಣ ಪದಗಳು. 'ಸ್ಮೂತ್' ಅಂದರೆ ನುಣುಪು ಅಷ್ಟೇ ಅಲ್ಲ, ಘರ್ಷಣೆ ಲೆಕ್ಕಕ್ಕೆ ಹಿಡಿಯಬೇಡ ಅಂತ. 'ಲೈಟ್ ಸ್ಟ್ರಿಂಗ್' ಅಂದರೆ ದಾರದ ತೂಕ ಬಿಡು ಅಂತ. ನಾನು ಅದನ್ನು ಬೆಳಕಿಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ, ನಗಬೇಡ. 'ಫ್ರಮ್ ರೆಸ್ಟ್' ಅಂದರೆ ಆರಂಭದ ವೇಗ ಸೊನ್ನೆ. 'ಐಸೊಲೇಟೆಡ್' ಅಂದರೆ ಬ್ಯಾಟರಿ ತೆಗೆದಾಗಿದೆ, Q ಬದಲಾಗದು. ಇಂಥ ಪದ ಸಿಕ್ಕಾಗೆಲ್ಲ ವಹಿಯ ಕೊನೆಯ ಪುಟದಲ್ಲಿ ಬರೆಯುತ್ತಿದ್ದೆ. ಎದುರಿಗೆ ಅರ್ಥ ಅಲ್ಲ, ಅದು ಲೆಕ್ಕಕ್ಕೆ ಹೇಳುವ ಮಾತು. ವರ್ಷವಿಡೀ ಸೇರಿಸಿದರೂ ಅರವತ್ತು ದಾಟಲಿಲ್ಲ. ಯೋಚನೆ ಕನ್ನಡದಲ್ಲೇ ಮಾಡು, ಅದಕ್ಕೆ ನಾಚಿಕೆ ಬೇಡ. ಖಾಲಿ ಹಾಳೆಯಲ್ಲಿ ನಾನು ವಿವರಣೆ ಕನ್ನಡದಲ್ಲಿ ಬರೆದು, ಪುಸ್ತಕದ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ.

ಇದೆಲ್ಲ ಸಿಇಟಿಯ ಮಾತಾಯಿತು. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ತೂಕ ಸಿಇಟಿಗೆ, ಇನ್ನರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ. ಬರೀ ಎಂಸಿಕ್ಯೂ ಮಾಡಿದವರ ಕೈ ಉದ್ದ ಉತ್ತರ ಬರೆಯುವುದನ್ನು ಮರೆಯುತ್ತದೆ. ನನ್ನ ಪ್ರಿಪರೇಟರಿಯಲ್ಲಿ ಹೀಗೇ ಆಗಿತ್ತು. ಐದು ಅಂಕದ ಡೆರಿವೇಶನ್ನಿನಲ್ಲಿ ಕೊನೆಯ ಸೂತ್ರ ಸರಿ ಇತ್ತು, ಚಿತ್ರ ಇರಲಿಲ್ಲ, ನಡುವಿನ ಎರಡು ಹೆಜ್ಜೆ ಮನಸ್ಸಿನಲ್ಲೇ ಹಾರಿಸಿದ್ದೆ. ಮೌಲ್ಯಮಾಪನ ಮಾಡುವವರಿಗೆ ಹೆಜ್ಜೆ ಹೆಜ್ಜೆಗೂ ಅಂಕ ಹಂಚಿದ ಸ್ಕೀಮ್ ಕೊಟ್ಟಿರುತ್ತಾರೆ. ಹಳೇ ಪೇಪರುಗಳ ಸ್ಕೀಮ್ ಒಂದೆರಡನ್ನು ನಿಮ್ಮ ಸರ್ ಹತ್ತಿರ ಕೇಳಿ ನೋಡು. ಚಿತ್ರಕ್ಕೆ ಎಷ್ಟು, ಯಾವ ಸಾಲಿಗೆ ಎಷ್ಟು ಅಂತ ಕಣ್ಣಾರೆ ಕಂಡ ಮೇಲೆ ಯಾರೂ ಹೆಜ್ಜೆ ಹಾರಿಸುವುದಿಲ್ಲ. ವಾರಕ್ಕೆ ಎರಡು ಡೆರಿವೇಶನ್, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟು, ಸ್ಕೀಮ್ ನೋಡಿ ನೀನೇ ಅಂಕ ಹಾಕಿಕೋ. ಅಷ್ಟು ಸಾಕು.

ಕೆಲಸಕ್ಕೆ ಬಾರದ್ದೂ ಕೇಳು. ಗೋಡೆಗೆ ಅಂಟಿಸಿದ ಬಣ್ಣದ ಟೈಮ್‌ಟೇಬಲ್ ನಾಲ್ಕನೇ ದಿನಕ್ಕೆ ಸುಳ್ಳಾಯಿತು. ವಿಡಿಯೊ ಪಾಠ ಕೆಲವು ಚೆನ್ನಾಗಿದ್ದವು. ಆದರೆ ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುವಾಗಲೂ ಅದೇ ತಿಳಿದಂಗ ಆಗುವ ರೋಗ. ಬಿಡಿಸುವ ಮುಂಚೆ ವಿಡಿಯೊ ನಿಲ್ಲಿಸಿ ನೀನು ಬಿಡಿಸದಿದ್ದರೆ ಅದು ಸಿನಿಮಾ. ಗ್ರೂಪ್ ಸ್ಟಡಿ ನಮ್ಮ ರೂಮಿನಲ್ಲಿ ಲೈನ್ ಬಜಾರಿನ ಪೇಡೆಯ ತನಕ ಹೋಗಿ ನಿಲ್ಲುತ್ತಿತ್ತು. ಒಂದೇ ರೀತಿಯ ಗುಂಪು ಉಪಯೋಗಕ್ಕೆ ಬಂತು: ಗೆಳತಿಯೊಬ್ಬಳು ನನ್ನ ತಪ್ಪಿನ ವಹಿ ಹಿಡಿದು ಎಡ ಪುಟ ಓದುವುದು, ನಾನು ಬಲ ಪುಟ ಹೇಳುವುದು. ರಾತ್ರಿ ಒಂದರ ತನಕ ಕೂತ ದಿನಗಳ ಮರುದಿನ ಜಾರಿದ ರಾಶಿ ದೊಡ್ಡದಾಗುತ್ತಿತ್ತು. ಅದನ್ನು ವಹಿಯ ದಿನಾಂಕ ನೋಡಿಯೇ ಹಿಡಿದೆ, ಯಾರೂ ಹೇಳಬೇಕಾಗಲಿಲ್ಲ.

ಇನಾರ್ಗ್ಯಾನಿಕ್ ಕೆಮಿಸ್ಟ್ರಿಗೆ ಮಾತ್ರ ಈ ವಹಿ ಅಷ್ಟು ಒಗ್ಗಲಿಲ್ಲ. ಅಲ್ಲಿ ತಪ್ಪಿಗೆ ಬೇರು ಅಂತ ಇರುವುದು ಕಡಿಮೆ, ನೆನಪಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದಕ್ಕೆ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿದ್ದೆ. ಒಂದು ಮಗ್ಗುಲಿಗೆ ಪ್ರಶ್ನೆ, ಇನ್ನೊಂದಕ್ಕೆ ಉತ್ತರ. ತಪ್ಪಿದ ಚೀಟಿ ಕಟ್ಟಿನ ಮುಂದಕ್ಕೆ, ಸರಿಯಾದದ್ದು ಹಿಂದಕ್ಕೆ. ಮೆಸ್ಸಿನಲ್ಲಿ ಊಟದ ಪಾಳಿಗೆ ಕಾಯುವಾಗ ಹದಿನೈದು ಚೀಟಿ ಆಗುತ್ತಿದ್ದವು.

ನಾಳೆ ಹೊಸ ವಹಿ ಕೊಳ್ಳಲು ಹೋಗಬೇಡ. ನಿನ್ನ ಹತ್ತಿರ ಕಳೆದ ಟೆಸ್ಟಿನ ಫಿಸಿಕ್ಸ್ ಪೇಪರ್ ಇರಬೇಕಲ್ಲ, ಆ 31ರದ್ದು. ಅದನ್ನೇ ತೆಗೆ. ತಪ್ಪಿದ 29ನ್ನು ಮೂರು ರಾಶಿ ಮಾಡು. ಸರಿಯಾದ 31ರಲ್ಲಿ ಅಂದಾಜಿನದು ಎಷ್ಟು ಅಂತ ನೆನಪಿದ್ದಷ್ಟು ಗುರುತು ಹಾಕು. ನಾಲ್ಕು ಸಂಖ್ಯೆ ಬರುತ್ತವೆ. ಅವನ್ನು ನನಗೆ ಬರೆದು ಕಳಿಸು. ಜೊತೆಗೆ ಎರಡನೇ ರಾಶಿಯಿಂದ ಯಾವುದಾದರೂ ಮೂರು ಪ್ರಶ್ನೆ, ಅವುಗಳ ಬಲ ಪುಟದ ಸಾಲು. "ಸಿಲ್ಲಿ ಮಿಸ್ಟೇಕ್" ಅಂತ ಬರೆದಿದ್ದರೆ ವಾಪಸ್ ಕಳಿಸುತ್ತೇನೆ.